ನಮ್ಮ ಫ್ಯಾಕ್ಟರೀಲಿ ಒಂಬತ್ತೇ ಜನ, ಡಬ್ಲ್ಯೂಸಿ ಪಾಲಿಸೀಲಿ ಯಾರನ್ನ ಹಾಕ್ಬೇಕು, ಎಷ್ಟು ಸಂಬಳ ತೋರಿಸ್ಬೇಕು?

ಪ್ರಶ್ನೆ: ಪೀಣ್ಯದಲ್ಲಿ ನಮ್ದೊಂದು ಸಣ್ಣ ಪ್ರೆಸ್ ಶಾಪ್ ಇದೆ. ರೋಲ್‌ನಲ್ಲಿ ಆರು ಜನ, ಕಾಂಟ್ರಾಕ್ಟರ್ ಕಡೆಯಿಂದ ಇಬ್ಬರು, ಲೋಡಿಂಗ್‌ಗೆ ಒಬ್ಬ ದಿನಗೂಲಿ. ಇಎಸ್‌ಐ ಇಲ್ಲ. ಕೆಲಸಗಾರರಿಗೆ ಪೆಟ್ಟಾದ್ರೆ ಮಾಲೀಕರ ಪರವಾಗಿ ಪರಿಹಾರ ಕೊಡೋ ಡಬ್ಲ್ಯೂಸಿ ಪಾಲಿಸಿಗೆ ರೋಲ್‌ನವರನ್ನ ಮಾತ್ರ ತೋರಿಸಿದ್ರೆ ಸಾಕಾ? ಅರ್ಧ ಸಂಬಳ ಕ್ಯಾಶಲ್ಲಿ ಕೊಡ್ತೀವಿ, ಪುಸ್ತಕದಲ್ಲಿರೋದನ್ನೇ ಬರೆದ್ರೆ ಆಗುತ್ತಾ?

ಉತ್ತರ: ಎರಡಕ್ಕೂ ಸಾಕಾಗಲ್ಲ ಸಾರ್. ಮೊದಲು ಜನದ ವಿಷಯ. ನಿಮ್ಮ ರಿಜಿಸ್ಟರ್‌ನಲ್ಲಿ ಹೆಸರಿದ್ಯಾ ಇಲ್ವಾ ಅನ್ನೋದರ ಮೇಲೆ ನಷ್ಟ ಪರಿಹಾರದ ಹೊಣೆ ನಿಂತಿಲ್ಲ, ಪೆಟ್ಟಾದಾಗ ಅವನು ನಿಮ್ಮ ಕೆಲಸ ಮಾಡ್ತಿದ್ನಾ ಅಂತ ನೋಡ್ತಾರೆ. ದಿನಗೂಲಿಯವನು ಖಾಯಂ ಅಲ್ಲ ಅಂತ ಬಿಡೋ ಹಾಗಿಲ್ಲ, ಆ ವಿನಾಯಿತಿ ಕೆಲಸಗಾರರ ಪರಿಹಾರ ಕಾಯ್ದೆಯಿಂದ 2000ದಲ್ಲೇ ಹೋಯ್ತು. ಲೆಕ್ಕ ಬರೆಯೋ ಹುಡುಗ ಕೂಡ ಸೇರ್ತಾನೆ, ಮೊದಲು ಗುಮಾಸ್ತೆ ಕೆಲಸದವರಿಗೆ ಇರ್ಲಿಲ್ಲ, ಈಗ ಇದೆ. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಬಂದಿರೋರೂ ಅಷ್ಟೇ, ಸ್ಟೈಪೆಂಡ್ ಅಂತ ಹೆಸರಿಟ್ಟ ಮಾತ್ರಕ್ಕೆ ತಪ್ಪಲ್ಲ. ನೀವು ಮಾತ್ರ ಮಾಲೀಕರು, ಪಾರ್ಟ್ನರ್ ಇದ್ರೆ ಅವರೂ ಮಾಲೀಕರೇ, ನಿಮಗೆ ಈ ಪಾಲಿಸೀಲಿ ಏನೂ ಸಿಗಲ್ಲ, ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಬೇರೆ ಮಾಡಿಸ್ಕೊಳ್ಳಿ.

ತುಂಬಾ ಜನ ಎಡವೋದು ಕಾಂಟ್ರಾಕ್ಟರ್ ಕಡೆಯವರ ವಿಷಯದಲ್ಲಿ. ಅವರ ಸಂಬಳ ನಾವು ಕೊಡಲ್ಲ, ಕಾಂಟ್ರಾಕ್ಟರ್ ಕೊಡ್ತಾನೆ ಅಂತಾರೆ. ಆದ್ರೆ ನಿಮ್ಮ ಫ್ಯಾಕ್ಟರಿಯ ಮಾಮೂಲಿ ಕೆಲಸಕ್ಕೆ ಬಂದವನಿಗೆ ನಿಮ್ಮ ಜಾಗದಲ್ಲಿ ಪೆಟ್ಟಾದ್ರೆ ಅವನು ನೇರವಾಗಿ ನಿಮ್ಮ ಮೇಲೇ ಕೇಸ್ ಹಾಕ್ಬಹುದು, ನೀವು ಕೊಟ್ಟು ಆಮೇಲೆ ಕಾಂಟ್ರಾಕ್ಟರ್ ಹತ್ರ ವಸೂಲಿ ಮಾಡ್ಕೋಬೇಕು, ಆ ಹೊತ್ತಿಗೆ ಅವನು ಎಲ್ಲಿರ್ತಾನೋ. ಅದಕ್ಕೆ ಪ್ರಪೋಸಲ್ ಫಾರಂನಲ್ಲಿ ಕಾಂಟ್ರಾಕ್ಟರ್ ಕೆಲಸಗಾರರು ಅಂತ ಬೇರೆ ಸಾಲಲ್ಲಿ ಅವರ ಸಂಖ್ಯೆ, ಕೂಲಿ ತೋರಿಸಿ, ಪಾಲಿಸಿ ಶೆಡ್ಯೂಲ್‌ನಲ್ಲಿ ಅದು ಬಂದಿದೆಯಾ ಅಂತ ಕಣ್ಣಾರೆ ನೋಡಿ. ಇನ್ನೊಂದು, ನಿಮ್ಮಲ್ಲಿ ಒಟ್ಟು ಒಂಬತ್ತು ಜನ, ಹತ್ತಾದ್ರೆ ಇಎಸ್‌ಐ ಬರುತ್ತೆ, ಕಾಂಟ್ರಾಕ್ಟ್‌ನವರೂ ಆ ಲೆಕ್ಕಕ್ಕೆ ಸೇರ್ತಾರೆ. ಆಗ ತಿಂಗಳಿಗೆ 21,000 ದಾಟಿರೋರಿಗೆ ಮಾತ್ರ ಈ ಪಾಲಿಸಿ ಬೇಕಾಗುತ್ತೆ.

ಈಗ ಸಂಬಳ. ಪ್ರೀಮಿಯಂ ಹಾಕೋದು ಇಡೀ ವರ್ಷದ ಒಟ್ಟು ಸಂಬಳದ ಮೇಲೆ, ಪಾಲಿಸಿ ಷರತ್ತು ಕೇಳೋದು ಕೂಲಿ, ಸಂಬಳ, ಇತರ ಗಳಿಕೆ ಎಲ್ಲಾ ಸೇರಿಸಿ. ಹಾಗಾಗಿ ಬೇಸಿಕ್ ಮಾತ್ರ ಬರೆಯೋದು ಸರಿಯಲ್ಲ, ಓವರ್‌ಟೈಮ್ ಕೊಟ್ಟಿದ್ರೆ ಅದನ್ನೂ ಸೇರಿಸಿ. ತಿಂಗಳಿಗೆ 15,000 ಅಂತ ಒಂದು ಮಿತಿ ಇದೆ ಅಂತ ಏಜೆಂಟ್ ಹೇಳಿರ್ಬಹುದು, ಅದು ಪರಿಹಾರ ಲೆಕ್ಕ ಹಾಕೋವಾಗ ಹಿಡಿಯೋ ಮಿತಿ, 2020ರ ಜನವರಿಯಿಂದ ಇದೆ, ಡಿಕ್ಲೇರ್ ಮಾಡೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕಡಿಮೆ ತೋರಿಸಿದ್ರೆ ಏನಾಗುತ್ತೆ ನೋಡಿ. ಪ್ರೆಸ್ ಆಪರೇಟರ್‌ಗೆ 30 ವರ್ಷ, ಸಂಬಳ 18,000, ಅದ್ರಲ್ಲಿ ಪುಸ್ತಕದಲ್ಲಿ 9,000, ಉಳಿದಿದ್ದು ಕ್ಯಾಶ್. ಡೈ ಕೆಳಗೆ ಕೈ ಸಿಕ್ಕಿ ಹೆಬ್ಬೆರಳು ಪೂರ್ತಿ ಹೋಯ್ತು ಅಂದ್ಕೊಳ್ಳಿ, ಕಾಯ್ದೆಯ ಪಟ್ಟಿಯಲ್ಲಿ ಅದಕ್ಕೆ ಶೇ 30 ನಷ್ಟ. ಲೆಕ್ಕ ಹೀಗೆ: 15,000ದ ಶೇ 60 ಅಂದ್ರೆ 9,000, ಅದಕ್ಕೆ 30ರ ವಯಸ್ಸಿನ ಫ್ಯಾಕ್ಟರ್ 207.98 ಗುಣಿಸಿ, ಬಂದಿದ್ದರಲ್ಲಿ ಶೇ 30 ತಗೊಂಡ್ರೆ 5,61,546 ರೂಪಾಯಿ. ಇನ್ಶೂರೆನ್ಸ್ ಕಂಪನಿ ನೀವು ತೋರಿಸಿದ 9,000ಕ್ಕೇ ಹಿಡಿದು ಕೂತ್ರೆ ಬರೋದು ಸುಮಾರು 3,36,900. ಆದ್ರೆ ಕೆಲಸಗಾರ ಜೊತೆಯವರ ಸಾಕ್ಷಿ ಕೊಟ್ಟು 18,000 ಬರ್ತಿತ್ತು ಅಂತ ಸಾಬೀತು ಮಾಡಿದ್ರೆ ಆದೇಶ ಆಗೋದು ಪೂರ್ತಿ ಮೊತ್ತಕ್ಕೆ, ಮಿಕ್ಕ 2,24,600 ನಿಮ್ಮ ಜೇಬಿಂದ. ಅಪಘಾತ ಆದ ಒಂದು ತಿಂಗಳೊಳಗೆ ಕೊಡ್ಲಿಲ್ಲ ಅಂದ್ರೆ ಶೇ 12 ಬಡ್ಡಿ ಸೇರುತ್ತೆ. ಇಷ್ಟಕ್ಕೂ ಬೆರಳು ಕಳ್ಕೊಂಡಿರೋ ಮನುಷ್ಯ ಅಷ್ಟು ದಿನ ಯಾವುದರ ಮೇಲೆ ಬದುಕ್ತಾನೆ, ಅದನ್ನೂ ಯೋಚನೆ ಮಾಡಿ. ಕ್ಯಾಶಲ್ಲಿ ಕೊಡೋದನ್ನೂ ವೇಜ್ ರಿಜಿಸ್ಟರ್‌ಗೆ ತನ್ನಿ, ಬೇರೆ ದಾರಿ ಇಲ್ಲ.

ಬರೆಯೋವಾಗ ಪ್ರೆಸ್ ಆಪರೇಟರ್, ಹೆಲ್ಪರ್, ಲೋಡಿಂಗ್, ಆಫೀಸ್ ಅಂತ ಕೆಲಸದ ಪ್ರಕಾರ ಬೇರೆ ಬೇರೆ ಮಾಡಿ, ಪ್ರೀಮಿಯಂ ಉಳಿಸೋಕೆ ಅಂತ ಪ್ರೆಸ್ ಮೇಲಿರೋನನ್ನ ಪ್ಯಾಕಿಂಗ್ ಅಂತ ಹಾಕಿದ್ರೆ ಕ್ಲೇಮ್ ಟೈಮಲ್ಲಿ ಮೊದಲು ಸಿಕ್ಕಿಬೀಳೋದೇ ಅಲ್ಲಿ. ಮಧ್ಯದಲ್ಲಿ ಜನ ಜಾಸ್ತಿ ಆದ್ರೆ ಎಂಡಾರ್ಸ್‌ಮೆಂಟ್, ಅಂದ್ರೆ ಪಾಲಿಸಿಗೆ ತಿದ್ದುಪಡಿ, ಮಾಡಿಸಿ. ವರ್ಷ ಮುಗಿದ ಒಂದು ತಿಂಗಳೊಳಗೆ ನಿಜವಾಗಿ ಕೊಟ್ಟ ಸಂಬಳದ ಲೆಕ್ಕ ಕಂಪನಿಗೆ ಕೊಡ್ಬೇಕು ಅಂತ ಪಾಲಿಸೀಲೇ ಇರುತ್ತೆ. ಜಾಸ್ತಿ ಆಗಿದ್ರೆ ಅಷ್ಟರ ಪ್ರೀಮಿಯಂ ಕಟ್ಬೇಕು, ಕಡಿಮೆ ಆಗಿದ್ರೆ ವಾಪಸ್ ಕೇಳ್ಬಹುದು, ಹಾಗಾಗಿ ಶುರುವಲ್ಲಿ ಅಂದಾಜು ಸ್ವಲ್ಪ ಮೇಲೆ ಹಾಕಿದ್ರೂ ನಿಮಗೆ ದೊಡ್ಡ ನಷ್ಟ ಏನಿಲ್ಲ.