ಚಿತ್ರಕೃಪೆ: ಅಂತರ್ಜಾಲ

ಕೋಲಾರದಲ್ಲಿ ಡಿಟಿಪಿ ಮತ್ತು ಪುಸ್ತಕ ವಿನ್ಯಾಸದ ಕೆಲಸ ಮಾಡುತ್ತಾ ಇಪ್ಪತ್ತು ವರ್ಷದ ಮೇಲಾಯಿತು. ಇಷ್ಟು ದಿನದಲ್ಲಿ ನನ್ನ ಕೈಯಲ್ಲಿ ಅತಿ ಹೆಚ್ಚು ಸಲ ಟೈಪ್ ಮಾಡಿಸಿದ ಸಾಲು ಯಾವುದೆಂದರೆ ಮೇಲಿರುವ ತಲೆಬರಹವೇ. ಆ ಸಾಲು ಹಾಕಿದರೆ ಎಲ್ಲ ಸರಿಹೋಯಿತು ಎಂದು ಜನ ನಂಬಿದ್ದಾರೆ. ಅಂತರ್ಜಾಲ ಯಾರ ಹೆಸರೂ ಅಲ್ಲ ಸ್ವಾಮಿ. ಅದು ಕೃಪೆ ತೋರಿಸುವುದಿಲ್ಲ.

ಹೋದ ವರ್ಷ ಒಂದು ಬೆಳೆಗಾರರ ಗುಂಪಿನ ಕಾರ್ಯದರ್ಶಿ ಬಂದರು. ಟೊಮೆಟೊ ರೋಗಗಳ ಬಗ್ಗೆ 24 ಪುಟದ ಕೈಪಿಡಿ ಆಗಬೇಕು, ರೈತರಿಗೆ ಪುಕ್ಕಟೆ ಹಂಚೋದು. ಬರಹ ಚೆನ್ನಾಗಿತ್ತು, ಬರೆದವರು ಹೊಲ ಕಂಡವರು. ಆದರೆ ಜೊತೆಗೆ ಕೊಟ್ಟ ಪೆನ್‌ಡ್ರೈವ್‌ನಲ್ಲಿ ನಲವತ್ತು ಚಿತ್ರ. ಚೌಕಳಿ ಅಂಗಿ ತೊಟ್ಟು ಬುಟ್ಟಿ ಹಿಡಿದು ನಗುತ್ತಿರುವ ಬಿಳಿ ರೈತ, ಇಬ್ಬನಿ ಮೆತ್ತಿದ ಕೆಂಪು ಹಣ್ಣು, ಕೈಯೊಳಗೆ ಸಸಿ. "ಪುಟ ಖಾಲಿ ಖಾಲಿ ಕಾಣಬಾರದು ಸಾರ್" ಅಂದರು.

ಕೈಪಿಡಿಯ ಒಂಬತ್ತನೇ ಪುಟ ಎರಡು ಅಂಗಮಾರಿಗಳ ಬಗ್ಗೆ. ಔಷಧಿ ಅಂಗಡಿಯಲ್ಲಿ ಅರ್ಲಿ ಬ್ಲೈಟ್, ಲೇಟ್ ಬ್ಲೈಟ್ ಅನ್ನುತ್ತಾರಲ್ಲ, ಅವು. ಎರಡರಲ್ಲೂ ಎಲೆ ಕಂದಾಗುತ್ತದೆ, ಆದರೆ ಎರಡಕ್ಕೂ ಎಲ್ಲ ಔಷಧಿ ಒಂದೇ ಅಲ್ಲ. ಹಾಗಾಗಿ ರೈತ ಆ ಪುಟ ತೆಗೆಯುವುದೇ ಕೈಯಲ್ಲಿರುವ ಎಲೆ ಯಾವುದು ಎಂದು ಗುರುತಿಸೋಕೆ. ಅಲ್ಲಿ ಇಬ್ಬನಿಯ ಹಣ್ಣು ಏನು ಹೇಳುತ್ತದೆ? ನಾನು ಕಾರ್ಯದರ್ಶಿಗಳಿಗೆ ಒಂದೇ ಕೆಲಸ ಹೇಳಿದೆ: ಬರಹವನ್ನು ಕೈಯಿಂದ ಮುಚ್ಚಿ, ಬರೀ ಚಿತ್ರ ನೋಡಿ ಯಾವ ರೋಗ ಹೇಳಿ. ಅವರು ಹಣ್ಣು ನೋಡಿ ನಕ್ಕುಬಿಟ್ಟರು.

ಆ ಪುಟದ ಚಿತ್ರ ಮೂರು ಸಂಗತಿ ತೋರಿಸಲೇಬೇಕಿತ್ತು. ಅರ್ಲಿ ಬ್ಲೈಟ್‌ನಲ್ಲಿ ಕಂದು ಚುಕ್ಕೆಯೊಳಗೆ ಒಂದರೊಳಗೊಂದು ಬಳೆ ಇಟ್ಟ ಹಾಗೆ ಉಂಗುರಗಳಿರುತ್ತವೆ, ಅದು ಸಾಮಾನ್ಯವಾಗಿ ಕೆಳಗಿನ ಹಳೇ ಎಲೆಗಳಿಂದ ಶುರುವಾಗುತ್ತದೆ. ಲೇಟ್ ಬ್ಲೈಟ್‌ನಲ್ಲಿ ನೀರು ಬಿದ್ದು ನೆಂದಂತೆ ಕಾಣುವ ಕಲೆ. ತಂಪು, ತೇವ ಇರುವ ಬೆಳಗ್ಗೆ ಎಲೆ ತಿರುಗಿಸಿದರೆ ಕಲೆಯ ಅಂಚಿನಲ್ಲಿ ಬಿಳಿ ಬೂಷ್ಟು. ಅಂದರೆ ಒಂದಕ್ಕೆ ಎಲೆಯ ಮೇಲ್ಭಾಗ ಬೇಕು, ಇನ್ನೊಂದಕ್ಕೆ ಕೆಳಭಾಗ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯ. ಇನ್ನೊಂದು ತೊಡಕು: ಒಳಪುಟಗಳು ಕಪ್ಪು-ಬಿಳುಪು. ಚುಕ್ಕೆಯ ಸುತ್ತಲಿನ ಹಳದಿ ಅಚ್ಚಿನಲ್ಲಿ ತೆಳು ಬೂದಿಯಾಗಿ ಕಾಣೆಯಾಗುತ್ತದೆ. "ಹಳದಿ ಅಂಚು ನೋಡಿ" ಎಂದು ಬರೆದು ಬೂದಿ ಚಿತ್ರ ಹಾಕುವುದು ಓದುಗನನ್ನು ಕೆಣಕಿದ ಹಾಗೆ. ಉಂಗುರ ಮಾತ್ರ ಉಳಿಯುತ್ತದೆ, ಅದಕ್ಕೇ ಬಾಣಗುರುತು ಹಾಕೋಣ ಎಂದೆ.

ಪೆನ್‌ಡ್ರೈವ್‌ನಲ್ಲಿ ಉಂಗುರ ಕಾಣುವ ಒಂದೇ ಒಂದು ಒಳ್ಳೆಯ ಎಲೆ ಇತ್ತು. "ಇದು ಎಲ್ಲಿಂದ?" "ಗೂಗಲ್‌ನಿಂದ ಸಾರ್."

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಎಷ್ಟು ಹೇಳಿದರೂ ತಲೆಗೆ ಹೋಗದ ಜಾಗ ಇದೇ. ಗೂಗಲ್ ಚಿತ್ರ ಇಟ್ಟುಕೊಂಡಿಲ್ಲ, ಚಿತ್ರ ಎಲ್ಲಿದೆ ಎಂದು ತೋರಿಸುತ್ತದೆ. ಎಪಿಎಂಸಿ ಗೇಟಿನಲ್ಲಿ ಒಬ್ಬ "ಆ ಮಂಡಿಯಲ್ಲಿ ಟೊಮೆಟೊ ಇದೆ" ಎಂದು ಕೈ ತೋರಿಸಿದರೆ ಹಣ್ಣು ಅವನದ್ದಾಗುತ್ತದೆಯೇ? ಚಿತ್ರದ ಕೆಳಗೆ ಗೂಗಲ್ಲೇ `Images may be subject to copyright` ಎಂದು ಬರೆದಿರುತ್ತದೆ, ಯಾರೂ ಓದುವುದಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊಗೆ ಹಕ್ಕು ತಾನಾಗಿಯೇ ಬರುತ್ತದೆ, ನೋಂದಣಿ ಬೇಕಿಲ್ಲ, © ಗುರುತೂ ಬೇಕಿಲ್ಲ. ತೆಗೆದವರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಕೆಲವು ವಿನಾಯಿತಿಗಳಿವೆ, ನಾನು ವಕೀಲನಲ್ಲ, ದೊಡ್ಡ ಕೆಲಸವಾದರೆ ವಕೀಲರನ್ನೇ ಕೇಳಿ. ಆದರೆ ಹೆಸರು ಹಾಕುವುದು ಬೇರೆ, ಅನುಮತಿ ಪಡೆಯುವುದು ಬೇರೆ. ಇಷ್ಟು ತಿಳಿಯೋಕೆ ವಕೀಲರು ಬೇಕಿಲ್ಲ.

ನಾನೇ ಪೆಟ್ಟು ತಿಂದಿದ್ದೇನೆ. ಹೊಸತರಲ್ಲಿ ಒಂದು ಕ್ಯಾಲೆಂಡರ್‌ಗೆ ಅಂತರಗಂಗೆ ಬೆಟ್ಟದ ಫೋಟೊ ಹೀಗೇ ಇಳಿಸಿಕೊಂಡು ಹಾಕಿದ್ದೆ. ತಿಂಗಳೊಳಗೆ ಫೋಟೊ ತೆಗೆದವರೇ ಕ್ಯಾಲೆಂಡರ್ ಸುರುಳಿ ಸುತ್ತಿಕೊಂಡು ಅಂಗಡಿಗೆ ಬಂದರು. ಇದೇ ಊರಿನವರು! ಜಗಳ ಮಾಡಲಿಲ್ಲ, "ಒಂದು ಮಾತು ಕೇಳಬಹುದಿತ್ತಲ್ವಾ" ಅಂದರು. ದುಡ್ಡು ಕೊಟ್ಟೆ. ದುಡ್ಡಿಗಿಂತ ಆ ಮಾತು ಹೆಚ್ಚು ಚುಚ್ಚಿತು.

ಇರಲಿ. ಆ ಎಲೆಯ ಚಿತ್ರವನ್ನು, ಚಿತ್ರ ಕೊಟ್ಟರೆ ಅದು ಎಲ್ಲೆಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿದೆ. ಹತ್ತಾರು ಕಡೆ ಇತ್ತು. ಇಂಥಲ್ಲಿ ಅತಿ ದೊಡ್ಡ ಅಳತೆಯ, ತೆಗೆದವರ ಹೆಸರಿರುವ ಪ್ರತಿಯನ್ನು ಹುಡುಕಬೇಕು, ಮೂಲ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಸಿಕ್ಕಿದ್ದು ಒಂದು ವಿದೇಶಿ ವಿಶ್ವವಿದ್ಯಾಲಯದ ಪುಟ, ಕೆಳಗೆ `All rights reserved`. ಬಿಟ್ಟೆವು.

ಆಮೇಲೆ ಗೂಗಲ್ ಚಿತ್ರ ಹುಡುಕಾಟದ `Tools` ಒಳಗೆ `Usage Rights`, ಅದರಲ್ಲಿ `Creative Commons licenses` ಒತ್ತಿದೆ. ಹಕ್ಕುದಾರರೇ ಇಂತಿಂಥ ಷರತ್ತಿಗೆ ಒಪ್ಪಿದರೆ ಯಾರು ಬೇಕಾದರೂ ಬಳಸಿ ಎಂದು ಮೊದಲೇ ಕೊಟ್ಟಿಟ್ಟ ಅನುಮತಿ ಈ ಲೈಸೆನ್ಸ್. ಆದರೆ ಗೂಗಲ್‌ನ ಈ ಆಯ್ಕೆ ಜರಡಿ ಮಾತ್ರ, ಪ್ರಮಾಣಪತ್ರವಲ್ಲ. ಮೂಲ ಪುಟಕ್ಕೆ ಹೋಗಿ ಲೈಸೆನ್ಸ್ ಕಣ್ಣಾರೆ ನೋಡಬೇಕು. ಪರರ ಫೋಟೊವನ್ನು ತನ್ನದೆಂದು ಏರಿಸುವ ಮಹಾನುಭಾವರೂ ಇದ್ದಾರಾದ್ದರಿಂದ ಲೆನ್ಸ್ ಇನ್ನೊಂದು ಸಲ. ಹೀಗೆ ವಿಕಿಮೀಡಿಯ ಕಾಮನ್ಸ್‌ನಲ್ಲಿ ಉಂಗುರದ ಎಲೆ ಸಿಕ್ಕಿತು, `CC BY-SA 4.0`. ತೆಗೆದವರ ಹೆಸರು, ಮೂಲ, ಲೈಸೆನ್ಸ್‌ನ ಹೆಸರು ಮತ್ತು ಕೊಂಡಿ ಹಾಕಬೇಕು, ಏನು ಬದಲಿಸಿದೆವೋ ಅದನ್ನೂ ಹೇಳಬೇಕು. ಚಿತ್ರದಡಿ "ಅಂಚು ಕತ್ತರಿಸಿ, ಕನ್ನಡ ಬಾಣಗುರುತು ಸೇರಿಸಲಾಗಿದೆ" ಎಂದು ಸಣ್ಣಕ್ಷರದಲ್ಲಿ ಹಾಕಿದೆವು. `SA` ಇರುವುದರಿಂದ ನಾವು ಬದಲಿಸಿದ ಚಿತ್ರವೂ ಅದೇ ಲೈಸೆನ್ಸ್‌ನಲ್ಲಿ ಉಳಿಯುತ್ತದೆ. ನಾನು ತಿಳಿದ ಮಟ್ಟಿಗೆ ಇಡೀ ಕೈಪಿಡಿಗೆ ಅದು ತಗಲುವುದಿಲ್ಲ. ಬದಲಿಸಿದ್ದನ್ನು ಹಂಚಬೇಡಿ ಎನ್ನುವ `ND` ಇದ್ದಿದ್ದರೆ ಕನ್ನಡ ಹೆಸರು ಬರೆದ ಚಿತ್ರ ಹಂಚುವಂತೆಯೇ ಇರಲಿಲ್ಲ. ಆ ದಿನದ ಪುಟದ ಸ್ಕ್ರೀನ್‌ಶಾಟ್ ಕಡತದಲ್ಲಿಟ್ಟೆ, ಪುಟಗಳು ನಾಳೆ ಇರುತ್ತವೆಂದು ಏನು ಗ್ಯಾರಂಟಿ?

ಬಿಳಿ ಬೂಷ್ಟಿನ ಎಲೆ ಸಿಕ್ಕಿದ್ದು `CC BY-NC`ಯಲ್ಲಿ, ಅಂದರೆ ವಾಣಿಜ್ಯ ಬಳಕೆ ಬೇಡ ಎನ್ನುವ ಲೈಸೆನ್ಸ್‌ನಲ್ಲಿ. "ನಾವು ಮಾರಲ್ಲವಲ್ಲ, ಹಾಕಿ" ಅಂದರು ಕಾರ್ಯದರ್ಶಿ. ಹಿಂಬದಿ ರಕ್ಷಾಪುಟ ತಿರುಗಿಸಿ ತೋರಿಸಿದೆ. ಅಲ್ಲಿ ಕೀಟನಾಶಕ ಅಂಗಡಿಯೊಂದರ ಪೂರ್ತಿ ಪುಟದ ಜಾಹೀರಾತು, ಅಚ್ಚಿನ ಖರ್ಚಿಗೆ. `NC` ನೋಡುವುದು ಬಳಕೆಯ ಉದ್ದೇಶವನ್ನು, ಬಳಸುವವರು ಒಳ್ಳೆಯವರೇ ಎಂದಲ್ಲ. ತಪ್ಪಾಗಿಯೇ ಆಗುತ್ತದೆ ಎಂದು ಹೇಳಲಾರೆ, ಆದರೆ ಅನುಮಾನವಿದ್ದರೆ ತೆಗೆದವರಿಗೆ ಬರೆದು ಕೇಳಬೇಕು, ಇಲ್ಲವೇ ಬಿಡಬೇಕು.

ಕೊನೆಗೆ ಗುಂಪಿನ ಸದಸ್ಯರೊಬ್ಬರ ಮಗ, ಪಿಯುಸಿ ಹುಡುಗ, ಮಳೆ ಬಿಟ್ಟ ಬೆಳಗ್ಗೆ ಆರೂವರೆಗೆ ಹೊಲಕ್ಕೆ ಹೋಗಿ ತೆಗೆದ. ಬಿಸಿಲೇರಿದರೆ ಬೂಷ್ಟು ಒಣಗಿ ಕಾಣುವುದಿಲ್ಲ. ಎಲೆ ಮಗುಚಿ, ಪಕ್ಕ ರೂಪಾಯಿ ನಾಣ್ಯ ಇಟ್ಟು. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದ, ಸವಕಲು. ಡಾಕ್ಯುಮೆಂಟ್ ಆಗಿ ಕಳಿಸಪ್ಪಾ ಎಂದ ಮೇಲೆ ಅಚ್ಚಿಗೆ ಸಾಲುವಷ್ಟು ಸ್ಪಷ್ಟ ಬಂತು. ಅದೇ ರೋಗ ಹೌದೋ ಅಲ್ಲವೋ ಎಂದು ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲೆಯನ್ನೇ ಒಯ್ದು ಕೇಳಿದರು. ಹಕ್ಕು ಫೋಟೊ ತೆಗೆದ ಹುಡುಗನದು, ಹಾಗಾಗಿ "ಈ ಕೈಪಿಡಿಯಲ್ಲಿ ಮತ್ತು ಮರುಮುದ್ರಣದಲ್ಲಿ ಬಳಸಲು ಒಪ್ಪಿದ್ದೇನೆ" ಎಂದು ಒಂದು ಸಾಲು ಬರೆಸಿಕೊಂಡೆ, ಅವರಪ್ಪನ ಸಹಿಯೊಂದಿಗೆ. "ಇದಕ್ಕೂ ಸಹಿನಾ?" ಎಂದು ಅವರಪ್ಪ ನಕ್ಕರು. ಮಗನ ಹೆಸರು ಅಚ್ಚಾಗಿದ್ದು ನೋಡಿ ಹತ್ತು ಪ್ರತಿ ಕೇಳಿ ಪಡೆದರು.

ನಲವತ್ತರಲ್ಲಿ ಒಂದೂ ಒಳಗೆ ಹೋಗಲಿಲ್ಲ. ರಕ್ಷಾಪುಟಕ್ಕಾದರೂ ಇಬ್ಬನಿಯ ಹಣ್ಣು ಬೇಕೇ ಬೇಕೆಂದು ಕಾರ್ಯದರ್ಶಿ ಹಟ ಹಿಡಿದರು. ರಕ್ಷಾಪುಟ ಕಣ್ಣಿಗೆ ಕಾಣಲಿ ಎಂದೇ ಇರುವುದು, ಅಲ್ಲಿ ನಾನು ಜಗಳ ಆಡುವುದಿಲ್ಲ. ಅವರು ತಂದಿದ್ದನ್ನು ಬಿಟ್ಟು, ತೆಗೆದವರು ಹಕ್ಕೆಲ್ಲ ಬಿಟ್ಟುಕೊಟ್ಟ, ಅಂದರೆ `CC0` ಇರುವ ಇನ್ನೊಂದನ್ನು ಅರ್ಧ ಗಂಟೆ ಹುಡುಕಿ ಹಾಕಿದೆ. ಪರದೆ ಹತ್ತಿರ ಬಗ್ಗಿ ನೋಡಿದರು. "ಇದರಲ್ಲಿ ಇಬ್ಬನಿ ಸ್ವಲ್ಪ ಕಮ್ಮಿ ಸಾರ್" ಅಂದರು.