ದಿನಾ ಬರೆಯಬೇಕೇ? ಮೈಲುತುತ್ತದ ಕಥೆ ಕೇಳಿ

ಪ್ರಶ್ನೆ: ಓದುಗರು ಸಿಗಬೇಕಾದರೆ ಅಂತರ್ಜಾಲದಲ್ಲಿ ದಿನಾ ಏನಾದರೂ ಪ್ರಕಟಿಸಲೇಬೇಕೇ?

ಬೇಡ. ಕಳೆದ ಭಾನುವಾರ ಸಾಗರದಲ್ಲಿ ಸೇರಿದ್ದ ಬರಹಗಾರರ ಎದುರು ನನ್ನ ಐದು ವರ್ಷದ ಅನುಭವ ಹೇಳುವಾಗ ಅರ್ಧ ಗಂಟೆ ಇದನ್ನೇ ವಿವರಿಸಿದ್ದೆ. ಚಹಾದ ಹೊತ್ತಿಗೆ ಮೂವರು ಬಂದು ಮತ್ತೆ ಇದನ್ನೇ ಕೇಳಿದರು. ಹಾಗಾಗಿ ಬರೆದೇ ಇಡುತ್ತೇನೆ.

ಮೊದಲ ವರ್ಷ ನಾನೂ ನಾಲ್ಕು ತಿಂಗಳು ಒಂದು ದಿನ ತಪ್ಪಿಸದೆ ಬರೆದೆ. ಮಳೆ, ಹೋದ ಕರೆಂಟು, ಉಂಡ ಮದುವೆಯೂಟ, ಯಾವುದನ್ನೂ ಬಿಡಲಿಲ್ಲ. ಪರಿಚಯದವರು ಆ ದಿನ ಓದಿದರು, ಮರುದಿನಕ್ಕೆ ಅದು ಹಳಸಿತು. ಈಗ ಅವನ್ನು ತೆರೆಯುವವನು ನಾನೊಬ್ಬನೇ, ಅದೂ ನಾಚಿಕೊಂಡು.

ಆ ಸಾಲಿನಲ್ಲಿ ಉಳಿದದ್ದು ಒಂದು ಬರಹ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣದ್ದು: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಅದಕ್ಕೆ ನಾನಿಟ್ಟ ಹೆಸರು ‘ತೋಟದ ನೀಲಿ ಮಳೆ’. ವರ್ಷವಿಡೀ ಯಾರೂ ಬರಲಿಲ್ಲ. ಮದ್ದು ಹೊಡೆಯಲು ಕೊನೆಗಾರನನ್ನು ಕರೆಸಿ ನಿಂತವರು ನೀಲಿ ಮಳೆ ಎಂದು ಹುಡುಕುತ್ತಾರೆಯೇ? ‘ಬೋರ್ಡೋ ದ್ರಾವಣ ತಯಾರಿಸುವುದು ಹೇಗೆ’ ಎಂದು ಬದಲಿಸಿದೆ. ಮುಂದಿನ ಮುಂಗಾರಿನ ಹೊತ್ತಿಗೆ ಜನ ಬರತೊಡಗಿದರು. ಈಗಲೂ ಮೇ ಕೊನೆಯಾದರೆ ಬರುತ್ತಾರೆ.

ಬಂದವರೇ ಅದನ್ನು ಬೆಳೆಸಿದರು. ಹದ ಸರಿಯಾಗಿದೆ ಎಂದು ತಿಳಿಯುವುದು ಹೇಗೆ ಎಂದು ಒಬ್ಬರು ಕೇಳಿದರು. ಉಜ್ಜಿ ಹೊಳಪು ಬರಿಸಿದ ಕತ್ತಿಯನ್ನು ಸ್ವಲ್ಪ ಹೊತ್ತು ದ್ರಾವಣದಲ್ಲಿ ಅದ್ದಿ ತೆಗೆಯಿರಿ, ಅಲಗಿಗೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು, ಕೆಂಪು ಹತ್ತದಾಗುವವರೆಗೆ ಸುಣ್ಣದ ತಿಳಿ ಸೇರಿಸಿ ಎಂದು ಬರೆದೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗುಮುರುಗು ಮಾಡಬಾರದು ಎಂಬ ಸಾಲು ಸೇರಿದ್ದೂ ಹಾಗೆಯೇ. ಆ ಒಂದು ಪುಟವನ್ನು ತಿದ್ದಿದ ಸಂಜೆಗಳು ನೂರಿಪ್ಪತ್ತು ದಿನಚರಿಗಳಿಗಿಂತ ಹೆಚ್ಚು ಫಲ ಕೊಟ್ಟವು. ಸುದ್ದಿ ಬರೆಯುವವರಿಗೆ ದಿನದ ಲೆಕ್ಕ ಬೇಕು, ಒಪ್ಪುತ್ತೇನೆ. ಸುಣ್ಣದ ಅಳತೆಗೆ ಅದರ ಹಂಗಿಲ್ಲ. ಆದರೂ ‘ದಿನಾ ಬರೆದರೆ ಕೈ ಪಳಗುತ್ತದಲ್ಲ ಸಾರ್’ ಎನ್ನುತ್ತಾರೆ. ಪಳಗಲಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ, ಬೇಡವೆಂದವರು ಯಾರು?

ಯಾರೂ ಕೇಳದ ಇನ್ನೊಂದು ಮಾತು. ಮುದ್ರಣಕ್ಕೆಂದು ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ತಂದು ಅಂಟಿಸುವವರು ಇನ್ನೂ ಇದ್ದಾರೆ. ನಿಮ್ಮ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂದು ಕಾಣುವುದು ಒಳಗೆ `PÀ£ÀßqÀ` ಎಂದಿರುತ್ತದೆ. ‘ಕನ್ನಡ’ ಎಂದು ಹುಡುಕುವವರಿಗೆ ಅದು ಸಿಗುವುದಿಲ್ಲ. ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ, ಆಮೇಲೆ ಪ್ರಕಟಿಸಿ. ಅನುಮಾನವಿದ್ದರೆ ಮನೆಯವರ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿ, ಅಲ್ಲಿ ನುಡಿ ಅಕ್ಷರ ಇರುವುದಿಲ್ಲ.