ಸ್ಲೀಪ್ ಟೈಮರ್ ಇಟ್ಟ ಮೇಲೂ ಗೋಡೆ ಸ್ವಿಚ್ ಆರಿಸಬೇಕಾ?

"ರಾತ್ರಿ ಟೀವಿಗೆ ಸ್ಲೀಪ್ ಟೈಮರ್ ಇಟ್ಟು ಮಲಗುತ್ತೇವೆ. ಆದರೆ ಕೆಂಪು ದೀಪ ಉರಿಯುತ್ತಿದ್ದರೆ ಟೀವಿ ಓಡಿದಷ್ಟೇ ಕರೆಂಟ್ ಹೋಗುತ್ತದಂತೆ, ಹೌದಾ?"

ಇಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ! ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಈಗಿನ ಎಲ್‌ಇಡಿ ಟೀವಿ ಸ್ಟ್ಯಾಂಡ್‌ಬೈನಲ್ಲಿ ಸಾಮಾನ್ಯವಾಗಿ ಅರ್ಧ ವಾಟ್ ಎಳೆಯುತ್ತದೆ. ತಿಂಗಳಿಡೀ ಹಾಗೇ ಬಿಟ್ಟರೂ ಅರ್ಧ ಯೂನಿಟ್ ಆಗುವುದಿಲ್ಲ. ಅದೇ 80 ವಾಟ್‌ನ ಟೀವಿ ನಿಮಗೆ ನಿದ್ದೆ ಹತ್ತಿದ ಮೇಲೆ ದಿನಾ 3 ಗಂಟೆ ಸುಮ್ನೆ ಓಡಿದರೆ ತಿಂಗಳಿಗೆ 7.2 ಯೂನಿಟ್. ಸ್ಲೀಪ್ ಟೈಮರ್ ಉಳಿಸುವುದು ಇದನ್ನು. ಟೀವಿ ಬೇಗ ಆನ್ ಆಗಲಿ ಎಂದು ಕ್ವಿಕ್ ಸ್ಟಾರ್ಟ್ ಇಟ್ಟಿದ್ದರೆ ಮಾತ್ರ ಸ್ಟ್ಯಾಂಡ್‌ಬೈ ಖರ್ಚು ಜಾಸ್ತಿ. ಅದನ್ನು ಆಫ್ ಮಾಡಿ.

ನಂಬಿಕೆ ಬರದಿದ್ದರೆ ಮೀಟರ್ ಮುಂದೆ ನಿಲ್ಲಿ. ನಮ್ಮ ಮೀಟರ್ ಮೇಲೆ 3200 imp/kWh ಎಂದಿದೆ. ಅಂದರೆ 3200 ಸಲ ದೀಪ ಮಿನುಗಿದರೆ ಒಂದು ಯೂನಿಟ್. ಫ್ರಿಜ್ ಸೇರಿ ಎಲ್ಲ ಆರಿಸಿ, ಟೀವಿಯೊಂದನ್ನೇ ಸ್ಟ್ಯಾಂಡ್‌ಬೈನಲ್ಲಿ ಬಿಟ್ಟೆ. ಕಾಲು ಗಂಟೆ ನಿಂತರೂ ಒಂದು ಸಲವೂ ಮಿನುಗಲಿಲ್ಲ. ಟೀವಿ ಹಾಕಿದೆ, ಸುಮಾರು 14 ಸೆಕೆಂಡಿಗೊಮ್ಮೆ ಮಿನುಗಿತು. ಟೀವಿ ಆರಿಸಿ ಸೆಟ್‌ಟಾಪ್ ಬಾಕ್ಸ್ ಒಂದನ್ನೇ ಹಾಕಿದೆ, ಹೆಚ್ಚುಕಡಿಮೆ ಎರಡು ನಿಮಿಷಕ್ಕೊಮ್ಮೆ.

ಕಳ್ಳ ಸಿಕ್ಕಿದ್ದು ಇಲ್ಲಿ! ಟೀವಿಯ ಸ್ಲೀಪ್ ಟೈಮರ್ ಆರಿಸುವುದು ಟೀವಿಯನ್ನು ಮಾತ್ರ. ಬಾಕ್ಸ್ ರಾತ್ರಿಯಿಡೀ ಓಡುತ್ತಲೇ ಇರುತ್ತದೆ. 10 ವಾಟ್ ಎಂದರೂ ಹಗಲೂ ರಾತ್ರಿ ಬಿಟ್ಟರೆ ತಿಂಗಳಿಗೆ 7.2 ಯೂನಿಟ್. ಎಷ್ಟೋ ಬಾಕ್ಸ್‌ಗಳು ರಿಮೋಟ್‌ನಲ್ಲಿ ಆಫ್ ಮಾಡಿದರೂ ಅಷ್ಟೇ ಎಳೆಯುತ್ತವೆ. ಬೆಳಗ್ಗೆ ಎದ್ದು ಮುಟ್ಟಿ ನೋಡಿ, ಬೆಚ್ಚಗಿದ್ದರೆ ಓಡುತ್ತಿತ್ತು ಎಂದೇ ಅರ್ಥ. ಗೋಡೆ ಸ್ವಿಚ್ ಆರಿಸಬೇಕಾದ್ದು ಇದಕ್ಕೆ. ಟೀವಿಗೂ ಬಾಕ್ಸ್‌ಗೂ ಬೇರೆ ಬೇರೆ ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಇಟ್ಟುಕೊಳ್ಳಿ.

ಸಿಗ್ನಲ್ ಇಲ್ಲದಿದ್ದರೆ ಟೀವಿ ತಾನೇ ಆಫ್ ಆಗುತ್ತದಲ್ವಾ ಎನ್ನುತ್ತೀರಿ. ಬಾಕ್ಸ್ ಚಿತ್ರ ಕಳಿಸುತ್ತಲೇ ಇದ್ದರೆ ಆ ಸೆಟ್ಟಿಂಗ್ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು ಆಟೋ ಪವರ್ ಆಫ್ ಇದೆ, ಬಹಳಷ್ಟು ಟೀವಿಗಳಲ್ಲಿ 4 ಗಂಟೆ ರಿಮೋಟ್ ಮುಟ್ಟದಿದ್ದರೆ ಆರಿಸುತ್ತದೆ. ಅಜ್ಜ ಕ್ರಿಕೆಟ್ ನೋಡುವಾಗ ಟೀವಿ ತಾನಾಗಿ ಆರಿಹೋದರೆ ಕೆಟ್ಟಿದೆ ಎಂದು ರಿಪೇರಿಯವರನ್ನು ಕರೆಸಬೇಡಿ.

ಬೆಳಗ್ಗೆ 6ಕ್ಕೆ ಸುಪ್ರಭಾತ ಬರಲೆಂದು ಆನ್ ಟೈಮರ್ ಇಡುವವರಿಗೆ ಲೆಕ್ಕ ಬೇರೆ. ಟೀವಿಯ ಗೋಡೆ ಸ್ವಿಚ್ ಆರಿಸಿದರೆ ಅದು ಏಳುವುದೇ ಇಲ್ಲ. ಬಾಕ್ಸ್ ಆರಿಸಿದರೆ ಟೀವಿ ಎದ್ದರೂ 'ನೋ ಸಿಗ್ನಲ್' ತೋರಿಸುತ್ತದೆ. ಹಾಗಾಗಿ ಎರಡನ್ನೂ ಆರಿಸದೆ ಬಿಡಲೇಬೇಕು. ವಾಲ್ಯೂಮ್ ಎಷ್ಟಿರಬೇಕು ಎಂಬುದನ್ನೂ ಅಲ್ಲೇ ಹಾಕಿಡಿ. ಇಲ್ಲದಿದ್ದರೆ ಪಕ್ಕದ ಮನೆಯವರೂ ಏಳುತ್ತಾರೆ.

ಕರೆಂಟ್ ಹೋಗಿ ಬಂದರೆ? ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ಲೀಪ್ ಟೈಮರ್ ಅಳಿಸಿಹೋಗುತ್ತದೆ. ಕೆಲವು ಟೀವಿಗಳು ನಡುರಾತ್ರಿ ತಾವೇ ಆನ್ ಆಗುತ್ತವೆ. ಪವರ್ ಆನ್ ಮೋಡ್ ಎಂಬ ಸೆಟ್ಟಿಂಗ್ ಇದ್ದರೆ ಅದನ್ನು ಸ್ಟ್ಯಾಂಡ್‌ಬೈಗೆ ಬದಲಿಸಿ. ಕೈಯಾರೆ ಗಡಿಯಾರ ಹೊಂದಿಸಿದ ಹಳೆ ಟೀವಿಯಾದರೆ ಟೈಮನ್ನೂ ಮತ್ತೆ ಹಾಕಬೇಕಾಗಬಹುದು. ಅಲ್ಲಿವರೆಗೆ ಸುಪ್ರಭಾತವಿಲ್ಲ.